ಟೈಪ್ 1, ಟೈಪ್ 2: ಒಂದೇ ಮನೆಯ ಎರಡು ಶುಗರ್, ಪದೇ ಪದೇ ಕೇಳುವ ಪ್ರಶ್ನೆಗಳು

ನನಗೆ ಟೈಪ್ 1, ಅಪ್ಪನಿಗೆ ಟೈಪ್ 2. ಮನೆಗೆ ಬಂದವರು ಇಬ್ಬರನ್ನೂ ಒಟ್ಟಿಗೆ ಕೂರಿಸಿ ಒಂದೇ ಬುದ್ಧಿಮಾತು ಹೇಳಿ ಹೋಗುತ್ತಾರೆ. ಅದರಲ್ಲಿ ಅರ್ಧ ಅಪ್ಪನಿಗೆ ಉಪಯೋಗ, ನನಗೆ ಅಪಾಯ. ಹತ್ತು ವರ್ಷಗಳಿಂದ ಕೇಳಿ ಕೇಳಿ ಬಾಯಿಪಾಠ ಆಗಿರುವ ಪ್ರಶ್ನೆಗಳಿಗೆ ಇಲ್ಲಿ ಒಮ್ಮೆ ಬರೆದಿಟ್ಟಿದ್ದೇನೆ. ಶುಗರ್ ಅಂಕಿಗಳೆಲ್ಲ ಪ್ರತಿ ಡೆಸಿಲೀಟರ್ ರಕ್ತಕ್ಕೆ ಇಷ್ಟು ಮಿಲಿಗ್ರಾಂ ಎಂಬ ಲೆಕ್ಕದವು. ಇನ್ಸುಲಿನ್ ಯೂನಿಟ್‌ಗಳು ನನ್ನ ದೇಹಕ್ಕೆ ಹೊಂದಿಸಿದವು. ಲೆಕ್ಕದ ದಾರಿಯನ್ನು ನೋಡಿ, ಅಂಕಿಯನ್ನು ಎತ್ತಿಕೊಳ್ಳಬೇಡಿ.

ಎರಡೂ ಶುಗರೇ ತಾನೆ? ವ್ಯತ್ಯಾಸ ಏನು?

ನನ್ನಲ್ಲಿ ಇನ್ಸುಲಿನ್ ಇಲ್ಲ. ಅಪ್ಪನಲ್ಲಿ ಇದೆ, ಆದರೆ ಸಾಲುತ್ತಿಲ್ಲ. ಮುಂದಿನ ಎಲ್ಲ ಉತ್ತರಗಳೂ ಈ ಎರಡು ಮಾತಿನಿಂದಲೇ ಹುಟ್ಟುವಂಥವು.

ಇನ್ಸುಲಿನ್ ತಯಾರಾಗುವುದು ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳಲ್ಲಿ. ಅದು ಸಕ್ಕರೆಯನ್ನು ರಕ್ತದಿಂದ ಸ್ನಾಯು ಮತ್ತು ಕೊಬ್ಬಿನ ಕೋಶಗಳ ಒಳಗೆ ಬಿಡುತ್ತದೆ ಎನ್ನುವುದು ಎಲ್ಲರಿಗೂ ಗೊತ್ತು. ಅಷ್ಟಾಗಿ ಗೊತ್ತಿಲ್ಲದ ಇನ್ನೂ ಎರಡು ಕೆಲಸಗಳಿವೆ. ನಾವು ಉಣ್ಣದೇ ಇರುವಾಗ ಲಿವರ್ ತಾನೇ ಸಕ್ಕರೆ ತಯಾರಿಸಿ ರಕ್ತಕ್ಕೆ ಬಿಡುತ್ತಿರುತ್ತದೆ, ಅದು ಮಿತಿಮೀರದಂತೆ ಇನ್ಸುಲಿನ್ ತಡೆಹಿಡಿಯುತ್ತದೆ. ಜೊತೆಗೆ ದೇಹದ ಕೊಬ್ಬು ಒಂದೇ ಸಮನೆ ಕರಗಿ ಕೀಟೋನ್ ಎಂಬ ಆಮ್ಲವಾಗದಂತೆ ಕಾಯುತ್ತದೆ. ಈ ಕೊನೆಯ ಕೆಲಸಕ್ಕೆ ಬೇಕಾದದ್ದು ಬಹಳ ಸ್ವಲ್ಪ ಇನ್ಸುಲಿನ್. ಸಕ್ಕರೆ ಇಳಿಸಲು ಸಾಲದಷ್ಟು ಇದ್ದರೂ ಕೀಟೋನ್ ತಡೆಯಲು ಸಾಕಾಗುತ್ತದೆ.

ಹಾಗಾಗಿ ಅಪ್ಪನ ಶುಗರ್ 300 ಇದ್ದರೂ ಅವರು ಎದ್ದು ಓಡಾಡುತ್ತಿರುತ್ತಾರೆ, ಅವರಲ್ಲಿ ಉಳಿದಿರುವ ಇನ್ಸುಲಿನ್ ಕೀಟೋನನ್ನು ಕಟ್ಟಿಹಾಕಿರುತ್ತದೆ. ನನಗೆ ಒಂದು ದಿನದ ಇನ್ಸುಲಿನ್ ಪೂರ್ತಿ ತಪ್ಪಿದರೆ ರಕ್ತ ಆಮ್ಲೀಯವಾಗಿ ಆಸ್ಪತ್ರೆ ಸೇರಬೇಕಾಗುತ್ತದೆ. ಇದಕ್ಕೆ ಕೀಟೋಅಸಿಡೋಸಿಸ್ ಎನ್ನುತ್ತಾರೆ. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಮೊದಲ ಬಾರಿ ಇನ್ಸುಲಿನ್ ಚುಚ್ಚುವವರೆಗೆ ಟೈಪ್ 1 ಬಂದ ಮಕ್ಕಳು ಬದುಕುತ್ತಿರಲಿಲ್ಲ.

ಇವೆರಡೂ ಬೇರೆ ಕಾಯಿಲೆಗಳೆಂದು ಸ್ಪಷ್ಟವಾಗಿ ತೋರಿಸಿದ್ದು 1936ರಲ್ಲಿ, ಲಂಡನ್ನಿನ ವೈದ್ಯ ಹೆರಾಲ್ಡ್ ಹಿಮ್ಸ್‌ವರ್ತ್. ರೋಗಿಗಳಿಗೆ ಗ್ಲೂಕೋಸ್ ಮತ್ತು ಇನ್ಸುಲಿನ್ ಒಟ್ಟಿಗೇ ಕೊಟ್ಟು ನೋಡಿದರು. ಕೆಲವರಲ್ಲಿ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡಿತು, ಕೆಲವರಲ್ಲಿ ಅಷ್ಟಾಗಿ ನಾಟಲೇ ಇಲ್ಲ. ಮೊದಲ ಗುಂಪಿಗೆ ಕೊರತೆಯ ತೊಂದರೆ, ಎರಡನೆಯದಕ್ಕೆ ಪ್ರತಿರೋಧದ ತೊಂದರೆ.

ಸಿಹಿ ಜಾಸ್ತಿ ತಿಂದಿದ್ದಕ್ಕೆ ಬಂತಾ?

ಟೈಪ್ 1ಕ್ಕೂ ಸಿಹಿಗೂ ಸಂಬಂಧವೇ ಇಲ್ಲ. ಸೋಂಕಿನ ವಿರುದ್ಧ ಹೋರಾಡಬೇಕಾದ ದೇಹದ ರಕ್ಷಣಾ ವ್ಯವಸ್ಥೆ ದಾರಿತಪ್ಪಿ ತನ್ನದೇ ಬೀಟಾ ಕೋಶಗಳನ್ನು ಕೊಲ್ಲುತ್ತದೆ. ಕೆಲವು ಜೀನ್‌ಗಳು ಇದಕ್ಕೆ ಅನುವು ಮಾಡಿಕೊಡುತ್ತವೆ. ಕಿಡಿ ಹೊತ್ತಿಸುವುದರಲ್ಲಿ ವೈರಸ್ ಸೋಂಕುಗಳ ಕೈವಾಡದ ಬಗ್ಗೆ ಬಲವಾದ ಅನುಮಾನವಿದೆ. ಈ ದಾಳಿ ರೋಗಲಕ್ಷಣ ಕಾಣುವುದಕ್ಕೆ ತಿಂಗಳುಗಳ, ಎಷ್ಟೋ ಸಲ ವರ್ಷಗಳ ಮೊದಲೇ ಶುರುವಾಗಿರುತ್ತದೆ. ಮಗುವಿಗೆ ಟೈಪ್ 1 ಬಂದಾಗ ತಾಯಿಯನ್ನು 'ನೀನೇ ಸಿಹಿ ತಿನ್ನಿಸಿ ಹೀಗಾಯಿತು' ಎನ್ನುವವರಿದ್ದಾರಲ್ಲ, ಅವರ ಮೇಲೆ ನನಗೆ ತೀರದ ಸಿಟ್ಟು.

ಟೈಪ್ 2ರಲ್ಲಿ ಕಥೆ ಉದ್ದ. ಲಿವರ್ ಮತ್ತು ಸ್ನಾಯುಗಳಲ್ಲಿ ಕೊಬ್ಬು ಸೇರುತ್ತಾ ಹೋದಂತೆ ಅವು ಇನ್ಸುಲಿನ್ನಿನ ಮಾತು ಕೇಳುವುದನ್ನು ಕಡಿಮೆ ಮಾಡುತ್ತವೆ. ಮೇದೋಜೀರಕ ಹೆಚ್ಚು ಇನ್ಸುಲಿನ್ ಸುರಿಸಿ ಹಲವು ವರ್ಷ ಸಂಭಾಳಿಸುತ್ತದೆ. ಆಗೆಲ್ಲ ಶುಗರ್ ನಾರ್ಮಲ್ ಇರುತ್ತದೆ. ಅದು ಸೋಲಲು ಶುರುವಾದ ಮೇಲೆಯೇ ಅಂಕಿ ಏರುವುದು. ರೋಗ ಪತ್ತೆಯಾಗುವ ಹೊತ್ತಿಗೆ ಬೀಟಾ ಕೋಶಗಳ ಸಾಮರ್ಥ್ಯ ಸುಮಾರು ಅರ್ಧಕ್ಕೆ ಇಳಿದಿರುತ್ತದೆ. ಇಲ್ಲಿ ತೂಕ, ಕೂತಲ್ಲೇ ಕೂರುವ ಬದುಕು, ವಯಸ್ಸು ಎಲ್ಲ ಲೆಕ್ಕಕ್ಕೆ ಬರುತ್ತವೆ, ನಿಜ. ಆದರೆ ಒಂದೇ ತೂಕದ ಇಬ್ಬರಲ್ಲಿ ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬರದೇ ಇರುವುದಕ್ಕೆ ವಂಶದ ಪಾಲು ದೊಡ್ಡದು. ತೆಳ್ಳಗಿರುವವರಿಗೂ ಬರುತ್ತದೆ. ಎಲ್ಲವನ್ನೂ ರೋಗಿಯ ಬಾಯಿಚಪಲದ ತಲೆಗೆ ಕಟ್ಟುವುದು ಅನ್ಯಾಯ.

ಅಪ್ಪನಿಂದ ನಿನಗೆ ಬಂತಾ?

ಇಲ್ಲ. ಅವರದು ಬೇರೆ, ನನ್ನದು ಬೇರೆ. ಒಂದು ಸೋಜಿಗವೆಂದರೆ, ಜನ ಅಂದುಕೊಂಡಿರುವುದಕ್ಕೆ ವಿರುದ್ಧವಾಗಿ, ಕುಟುಂಬದಲ್ಲಿ ಹೆಚ್ಚಾಗಿ ಹರಿಯುವುದು ಟೈಪ್ 2. ಟೈಪ್ 1 ಬಂದವರಲ್ಲಿ ಹೆಚ್ಚಿನವರ ಮನೆಯಲ್ಲಿ ಅದು ಮೊದಲು ಯಾರಿಗೂ ಇದ್ದಿರುವುದಿಲ್ಲ.

ಮಕ್ಕಳಿಗೆ ಬಂದರೆ ಟೈಪ್ 1, ದೊಡ್ಡವರಿಗೆ ಬಂದರೆ ಟೈಪ್ 2, ಅಲ್ಲವಾ?

ಈ ನಂಬಿಕೆಯಿಂದಲೇ ನಾನು ಏಳು ತಿಂಗಳು ಕಳೆದುಕೊಂಡೆ. ನನಗೆ ಪತ್ತೆಯಾದದ್ದು 31ನೇ ವಯಸ್ಸಿನಲ್ಲಿ. ಖಾಲಿ ಹೊಟ್ಟೆಯ ಶುಗರ್ 238 ಇತ್ತು (126 ದಾಟಿದರೆ ಮಧುಮೇಹ ಎಂದು ಲೆಕ್ಕ). ವಯಸ್ಸು ನೋಡಿ, ಅಪ್ಪನ ವಿಷಯ ಕೇಳಿ, ಟೈಪ್ 2 ಎಂದು ಬರೆದು ಮಾತ್ರೆ ಕೊಟ್ಟರು. ಮಾತ್ರೆ ನುಂಗಿದೆ, ಊಟ ಕಡಿಮೆ ಮಾಡಿದೆ, ನಡೆದೆ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 9.1ರಿಂದ 11.4ಕ್ಕೆ ಏರಿತು. ತೂಕ 9 ಕಿಲೋ ಇಳಿಯಿತು. 'ನೀವು ಪಥ್ಯ ಸರಿಯಾಗಿ ಮಾಡುತ್ತಿಲ್ಲ' ಎಂದು ಬೈಸಿಕೊಂಡೆ. ತೂಕ ಇಳಿದಿದ್ದಕ್ಕೆ ನೆಂಟರು ಹೊಗಳಿದರು!

ಕೊನೆಗೆ ಬೇರೆ ವೈದ್ಯರೊಬ್ಬರು ಎರಡು ರಕ್ತಪರೀಕ್ಷೆ ಬರೆದರು. ಮೊದಲನೆಯದು ಗ್ಯಾಡ್ ಪ್ರತಿಕಾಯ. ಅದು ಪಾಸಿಟಿವ್ ಬಂದರೆ ರಕ್ಷಣಾ ವ್ಯವಸ್ಥೆ ಬೀಟಾ ಕೋಶಗಳ ಮೇಲೆ ಬಿದ್ದಿದೆ ಎಂದರ್ಥ. ಎರಡನೆಯದು ಸಿ-ಪೆಪ್ಟೈಡ್. ದೇಹ ಇನ್ಸುಲಿನ್ ತಯಾರಿಸುವಾಗ ಒಂದು ಉದ್ದದ ಪ್ರೋಟೀನನ್ನು ಕತ್ತರಿಸುತ್ತದೆ. ಒಂದು ತುಂಡು ಇನ್ಸುಲಿನ್, ಉಳಿದ ತುಂಡು ಸಿ-ಪೆಪ್ಟೈಡ್, ಎರಡೂ ಸಮಸಮ. ಚುಚ್ಚಿಕೊಳ್ಳುವ ಇನ್ಸುಲಿನ್ನಿನಲ್ಲಿ ಈ ತುಂಡು ಇರುವುದಿಲ್ಲವಾದ್ದರಿಂದ, ಸಿ-ಪೆಪ್ಟೈಡ್ ಎಷ್ಟಿದೆ ಎಂದು ನೋಡಿದರೆ ದೇಹದ ಸ್ವಂತ ಉತ್ಪಾದನೆ ಎಷ್ಟು ಉಳಿದಿದೆ ಎಂದು ತಿಳಿಯುತ್ತದೆ. ನನ್ನದು ತಳ ಮುಟ್ಟಿತ್ತು.

ದೊಡ್ಡವರಲ್ಲಿ ಟೈಪ್ 1 ನಿಧಾನವಾಗಿ ಬರುವುದುಂಟು, ಅದಕ್ಕೇ ಮೊದಮೊದಲು ಮಾತ್ರೆಗೆ ಬಗ್ಗಿದಂತೆ ಕಾಣುತ್ತದೆ. ಪ್ರಯತ್ನಪಡದೆ ತೂಕ ಇಳಿಯುತ್ತಿದ್ದರೆ, ಮಾತ್ರೆಗಳು ಕೆಲವೇ ತಿಂಗಳಲ್ಲಿ ಸೋಲುತ್ತಿದ್ದರೆ, ಥೈರಾಯ್ಡಿನಂಥ ಬೇರೆ ಸ್ವಯಂ-ದಾಳಿಯ ಕಾಯಿಲೆ ಜೊತೆಗಿದ್ದರೆ, ಈ ಎರಡು ಪರೀಕ್ಷೆ ಕೇಳಿ ಮಾಡಿಸಿಕೊಳ್ಳಿ. ಉಲ್ಟಾ ಕೂಡ ನಡೆಯುತ್ತದೆ. ಈಗ ಹದಿಹರೆಯದವರಲ್ಲೂ ಟೈಪ್ 2 ಕಾಣಿಸುತ್ತಿದೆ.

ಚುಚ್ಚಿಕೊಳ್ಳುವ ಬದಲು ಮಾತ್ರೆ ತಗೋಬಾರದಾ?

ಇನ್ಸುಲಿನ್ ಒಂದು ಪ್ರೋಟೀನ್. ನುಂಗಿದರೆ ಹೊಟ್ಟೆ ಅದನ್ನು ಅರಗಿಸಿಬಿಡುತ್ತದೆ. ಅಪ್ಪನ ಮಾತ್ರೆಗಳಲ್ಲಿ ಇನ್ಸುಲಿನ್ ಇಲ್ಲ. ಮೆಟ್‌ಫಾರ್ಮಿನ್ ಮುಖ್ಯವಾಗಿ ಲಿವರ್ ಬಿಡುವ ಸಕ್ಕರೆಯನ್ನು ಕಡಿಮೆ ಮಾಡುತ್ತದೆ, ಗ್ಲಿಮೆಪಿರೈಡ್‌ನಂಥವು ಬೀಟಾ ಕೋಶಗಳನ್ನು ಹಿಂಡಿ ಹೆಚ್ಚು ಇನ್ಸುಲಿನ್ ಬರಿಸುತ್ತವೆ, ಡಾಪಾಗ್ಲಿಫ್ಲೋಜಿನ್ ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತದೆ. ಇವೆಲ್ಲ ಒಳಗೆ ಒಂದಿಷ್ಟು ಇನ್ಸುಲಿನ್ ಇದೆ ಎಂದು ನಂಬಿ ಕೆಲಸ ಮಾಡುವ ಔಷಧಗಳು. ನನ್ನಲ್ಲಿ ಹಿಂಡಲು ಏನೂ ಉಳಿದಿಲ್ಲ.

ಟೈಪ್ 2ರವರಿಗೆ ಇನ್ಸುಲಿನ್ ಶುರುಮಾಡಿದರೆ ಅದು ಟೈಪ್ 1 ಆಯಿತಾ?

ಆಗುವುದಿಲ್ಲ. ಹಲವು ವರ್ಷಗಳ ನಂತರ ಬೀಟಾ ಕೋಶಗಳು ದಣಿದಾಗ ಟೈಪ್ 2ರವರಿಗೂ ಇನ್ಸುಲಿನ್ ಬೇಕಾಗಬಹುದು. ಹೆಸರು ನಿಲ್ಲುವುದು ಕಾರಣದ ಮೇಲೆ, ಔಷಧದ ಮೇಲಲ್ಲ.

ಊಟಕ್ಕೆ ಎಷ್ಟು ಇನ್ಸುಲಿನ್ ಎಂದು ಹೇಗೆ ಗೊತ್ತಾಗುತ್ತದೆ?

ನನಗೆ ಎರಡು ಬಗೆ ಇವೆ. ರಾತ್ರಿ ಒಮ್ಮೆ 18 ಯೂನಿಟ್ ದೀರ್ಘಕಾಲದ್ದು. ಇದು ಊಟಕ್ಕಲ್ಲ, ಲಿವರಿನ ಸಕ್ಕರೆಗೂ ಕೀಟೋನ್ ತಡೆಯುವುದಕ್ಕೂ. ಪ್ರತಿ ಊಟಕ್ಕೆ ಮೊದಲು ಬೇಗ ಕೆಲಸ ಮಾಡುವ ಬಗೆಯದು. ಎಲ್ಲ ಸೇರಿ ದಿನಕ್ಕೆ ಸುಮಾರು 40 ಯೂನಿಟ್.

ಈ 40ರಿಂದ ಎರಡು ಅಂಕಿ ಸಿಗುತ್ತವೆ. ಇದಕ್ಕೆ ವೈದ್ಯರು ರೂಢಿಯಲ್ಲಿ ಬಳಸುವ ಸ್ಥಿರ ಅಂಕಿಗಳು 500 ಮತ್ತು 1800. 500ನ್ನು 40ರಿಂದ ಭಾಗಿಸಿದರೆ 12.5. ಅಂದರೆ ಒಂದು ಯೂನಿಟ್ ಸುಮಾರು 12 ಗ್ರಾಂ ಕಾರ್ಬೋಹೈಡ್ರೇಟನ್ನು ನಿಭಾಯಿಸುತ್ತದೆ. 1800ನ್ನು 40ರಿಂದ ಭಾಗಿಸಿದರೆ 45. ಅಂದರೆ ಒಂದು ಯೂನಿಟ್ ಶುಗರನ್ನು ಸುಮಾರು 45ರಷ್ಟು ಇಳಿಸುತ್ತದೆ. ಇವು ಮೊದಲ ಅಂದಾಜು ಮಾತ್ರ, ಆಮೇಲೆ ಮೀಟರ್ ನೋಡಿ ತಿದ್ದಿಕೊಳ್ಳಬೇಕು.

ಊಟದಲ್ಲಿ 60 ಗ್ರಾಂ ಕಾರ್ಬೋಹೈಡ್ರೇಟ್ ಇದೆ, ಊಟಕ್ಕೆ ಮೊದಲು ಶುಗರ್ 210 ಇದೆ, ನನ್ನ ಗುರಿ 120 ಎಂದುಕೊಳ್ಳಿ. ಊಟಕ್ಕೆ 60 ಭಾಗಿಸು 12, ಅಂದರೆ 5 ಯೂನಿಟ್. ಹೆಚ್ಚಿರುವ 90ಕ್ಕೆ 2 ಯೂನಿಟ್. ಒಟ್ಟು 7. ಆದರೆ ಎರಡು ಗಂಟೆಯ ಹಿಂದೆ ಚುಚ್ಚಿದ್ದು ಇನ್ನೂ ರಕ್ತದಲ್ಲಿದ್ದರೆ ಆ 2ನ್ನು ಮತ್ತೆ ಸೇರಿಸುವ ಹಾಗಿಲ್ಲ. ಈ ಬೇಗದ ಇನ್ಸುಲಿನ್ನಿನ ಪ್ರಭಾವ 3ರಿಂದ 5 ಗಂಟೆ ಇರುತ್ತದೆ. ಅಸಹನೆಯಿಂದ ಒಂದರ ಮೇಲೊಂದು ಚುಚ್ಚಿ ಮಧ್ಯರಾತ್ರಿ ಬೆವರುತ್ತಾ ಎದ್ದ ದಿನಗಳು ನನ್ನಲ್ಲಿ ಬೇಕಾದಷ್ಟಿವೆ.

ಲೆಕ್ಕ ಸರಿಯಿದ್ದೂ ಶುಗರ್ ಹುಚ್ಚಾಪಟ್ಟೆ ಏರಿಳಿದರೆ ಚುಚ್ಚುವ ಜಾಗವನ್ನು ಮುಟ್ಟಿ ನೋಡಿ. ಒಂದೇ ಕಡೆ ಚುಚ್ಚುತ್ತಿದ್ದರೆ ಚರ್ಮದಡಿ ಮೆತ್ತನೆಯ ಗಡ್ಡೆ ಕಟ್ಟುತ್ತದೆ. ಅಲ್ಲಿ ನೋವಾಗುವುದಿಲ್ಲವಾದ್ದರಿಂದ ಕೈ ತಾನಾಗಿ ಅಲ್ಲಿಗೇ ಹೋಗುತ್ತದೆ, ಇನ್ಸುಲಿನ್ ಮಾತ್ರ ಒಂದು ದಿನ ಹೀರಿಕೊಂಡಂತೆ ಇನ್ನೊಂದು ದಿನ ಹೀರಿಕೊಳ್ಳುವುದಿಲ್ಲ.

ಅಪ್ಪನಿಗೆ ಈ ಗಣಿತ ಯಾವುದೂ ಇಲ್ಲ. ಅವರಿಗೆ ತಟ್ಟೆಯಲ್ಲಿ ಎಷ್ಟಿದೆ, ದಿನವಿಡೀ ಒಟ್ಟು ಎಷ್ಟಾಯಿತು, ತೂಕ ಎತ್ತ ಹೋಗುತ್ತಿದೆ ಎನ್ನುವುದು ಮುಖ್ಯ. ಅವರ ಶುಗರಿಗೆ ಒಂದು ಊಟದ ತಪ್ಪು ತಪ್ಪಲ್ಲ, ತಿಂಗಳ ರೂಢಿ ತಪ್ಪು.

ದಿನಕ್ಕೆ ಎಷ್ಟು ಸಲ ಶುಗರ್ ನೋಡಬೇಕು?

ಶುಗರನ್ನು ತಾನಾಗಿ ಅಳೆಯುತ್ತಿರುವ ಸೆನ್ಸರನ್ನು ಮೈಗೆ ಹಾಕಿಕೊಳ್ಳುವ ಮೊದಲು ನಾನು ದಿನಕ್ಕೆ ಆರೇಳು ಸಲ ಬೆರಳು ಚುಚ್ಚುತ್ತಿದ್ದೆ. ಪ್ರತಿ ಅಂಕಿಯೂ ಒಂದು ತೀರ್ಮಾನಕ್ಕೆ ಬೇಕಾಗುತ್ತಿತ್ತು. ಮಾತ್ರೆ ಮಾತ್ರ ತೆಗೆದುಕೊಳ್ಳುವ ಅಪ್ಪ ವಾರದಲ್ಲಿ ಕೆಲವು ಸಲ ನೋಡಿ, ಎಚ್‌ಬಿಎ1ಸಿ ಕಾಲಕಾಲಕ್ಕೆ ಮಾಡಿಸಿದರೆ ಸಾಕು. ಅಂದಹಾಗೆ, ಮೀಟರ್ ಒಂದೇ ಇದ್ದರೂ ಚುಚ್ಚುವ ಸೂಜಿಯನ್ನೂ ಅದರ ಪೆನ್ನನ್ನೂ ಹಂಚಿಕೊಳ್ಳಬೇಡಿ. ರಕ್ತದಿಂದ ಹರಡುವ ಸೋಂಕಿಗೆ ಅಪ್ಪ-ಮಕ್ಕಳ ನಂಟು ಗೊತ್ತಿಲ್ಲ.

ವಾಂತಿ ಆಗುತ್ತಿದೆ, ಊಟ ಸೇರುತ್ತಿಲ್ಲ. ಆವತ್ತು ಔಷಧ ಬಿಡಬಹುದಾ?

ಇದಕ್ಕೆ ಎರಡು ಟೈಪ್‌ಗಳ ಉತ್ತರವೂ ಪೂರ್ತಿ ಎದುರುಬದುರು. ಹಾಗಾಗಿ ಒಂದು ರಾತ್ರಿಯ ಕಥೆಯನ್ನೇ ಹೇಳುತ್ತೇನೆ. ಅಪ್ಪನಿಗೂ ನನಗೂ ಒಟ್ಟಿಗೇ ವಾಂತಿ-ಭೇದಿ ಶುರುವಾಗಿತ್ತು. ಅಮ್ಮ ಹೇಳಿದ್ದು ಸಹಜವಾದ ಮಾತು: 'ಹೊಟ್ಟೆಯಲ್ಲಿ ಏನೂ ಇಲ್ಲ, ಇಬ್ಬರೂ ಇವತ್ತು ಔಷಧ ಬಿಡಿ.'

ಅಪ್ಪನ ಮಟ್ಟಿಗೆ ಅಮ್ಮ ಹೇಳಿದ್ದು ಸರಿ. ಅವರದು ಮೆಟ್‌ಫಾರ್ಮಿನ್ ಮತ್ತು ಡಾಪಾಗ್ಲಿಫ್ಲೋಜಿನ್. ದೇಹದ ನೀರು ಬತ್ತಿ ಕಿಡ್ನಿ ಸೊರಗಿದಾಗ ಮೆಟ್‌ಫಾರ್ಮಿನ್ ಹೊರಹೋಗದೆ ಉಳಿದು ಲ್ಯಾಕ್ಟಿಕ್ ಆಮ್ಲ ಏರುವ ಅಪಾಯವಿದೆ. ಡಾಪಾಗ್ಲಿಫ್ಲೋಜಿನ್ ನೀರನ್ನು ಇನ್ನಷ್ಟು ಹೊರದೂಡುತ್ತದೆ. ಸಾಲದ್ದಕ್ಕೆ, ಉಪವಾಸದ ಹೊತ್ತಿನಲ್ಲಿ ಟೈಪ್ 2ರವರಲ್ಲೂ ಕೀಟೋನ್ ಏರಿಸಬಲ್ಲದು, ಅದೂ ಶುಗರ್ ಹೆಚ್ಚೇನೂ ಇಲ್ಲದಾಗ. ಮೀಟರ್ ನೋಡಿ 'ಪರವಾಗಿಲ್ಲ' ಎಂದುಕೊಂಡೇ ಜನ ಮೋಸಹೋಗುವುದು ಇಲ್ಲಿ. ಎರಡನ್ನೂ ನಿಲ್ಲಿಸಿದರು. ಸರಿಯಾಗಿ ಉಣ್ಣಲು, ಕುಡಿಯಲು ಶುರುಮಾಡಿ ಒಂದೆರಡು ದಿನವಾದ ಮೇಲೆ ಮತ್ತೆ ಶುರುಮಾಡಿದರು. ನಡುವೆ ಶುಗರ್ 212ರವರೆಗೆ ಹೋಯಿತು, ತಾನಾಗಿ ಇಳಿಯಿತು. ಟೈಪ್ 2 ಇದ್ದು ಇನ್ಸುಲಿನ್ ಚುಚ್ಚಿಕೊಳ್ಳುವವರು ಮಾತ್ರ ಹೀಗೆ ತಾವಾಗಿ ನಿಲ್ಲಿಸಬಾರದು. ಪ್ರಮಾಣವನ್ನು ವೈದ್ಯರಿಗೆ ಕೇಳಿ ಬದಲಿಸಬೇಕು.

ನಾನು ಬಿಟ್ಟಿದ್ದರೆ? ಕಾಯಿಲೆ ಬಿದ್ದಾಗ ದೇಹ ಸುರಿಸುವ ಹಾರ್ಮೋನುಗಳು ಲಿವರಿನಿಂದ ಸಕ್ಕರೆಯನ್ನು ಹೆಚ್ಚು ಹೊರಡಿಸುತ್ತವೆ. ಹೊಟ್ಟೆ ಖಾಲಿ ಇದ್ದರೂ ಇನ್ಸುಲಿನ್ ಎಂದಿಗಿಂತ ಜಾಸ್ತಿ ಬೇಕಾಗಬಹುದು. ಆದ್ದರಿಂದ ರಾತ್ರಿಯ 18 ಯೂನಿಟ್ ಎಂದಿನಂತೆ ಚುಚ್ಚಿಕೊಂಡೆ. ಬೆಳಗ್ಗೆ 6ಕ್ಕೆ ಶುಗರ್ 268, ರಕ್ತದ ಕೀಟೋನ್ 1.8. ಕೀಟೋನ್ 0.6ರ ಒಳಗಿದ್ದರೆ ಸರಿ, 1.5 ದಾಟಿದರೆ ಎಚ್ಚರಿಕೆ, 3 ದಾಟಿದರೆ ತಡಮಾಡದೆ ಆಸ್ಪತ್ರೆ.

ನನ್ನ ವೈದ್ಯರು ಬರೆದುಕೊಟ್ಟ ಚೀಟಿಯ ಪ್ರಕಾರ 1.5ರಿಂದ 3ರ ನಡುವೆ ಇದ್ದರೆ ದಿನದ ಒಟ್ಟು ಪ್ರಮಾಣದ ಹತ್ತನೇ ಒಂದು ಪಾಲು ಬೇಗದ ಇನ್ಸುಲಿನ್, ಎರಡು ಗಂಟೆಗೊಮ್ಮೆ ಮರುಪರೀಕ್ಷೆ. ಅಂದರೆ 4 ಯೂನಿಟ್. ಜೊತೆಗೆ ಐದು-ಹತ್ತು ನಿಮಿಷಕ್ಕೊಂದು ಗುಟುಕು ನೀರು. 8ಕ್ಕೆ ಶುಗರ್ 241, ಕೀಟೋನ್ 1.6. ಮತ್ತೆ 4. ಹತ್ತಕ್ಕೆ ಶುಗರ್ 176, ಕೀಟೋನ್ 0.9. ಇಲ್ಲೇ ಹೊಸಬರು ಗಲಿಬಿಲಿಯಾಗುವುದು. ಶುಗರ್ ಇಳಿಯುತ್ತಿದೆ, ಕೀಟೋನ್ ಇನ್ನೂ ಇದೆ. ಇನ್ಸುಲಿನ್ ನಿಲ್ಲಿಸಿದರೆ ಕೀಟೋನ್ ಮತ್ತೆ ಏರುತ್ತದೆ, ಹಾಗೇ ಚುಚ್ಚಿದರೆ ಶುಗರ್ ಕುಸಿಯುತ್ತದೆ. ಉಪಾಯವೆಂದರೆ ಸಕ್ಕರೆ ನೀರು ಗುಟುಕರಿಸುತ್ತಾ ಇನ್ಸುಲಿನ್ ಕೊಡುವುದು. ಹಾಗೇ 2 ಯೂನಿಟ್ ಹಾಕಿಕೊಂಡೆ. ಮಧ್ಯಾಹ್ನಕ್ಕೆ ಕೀಟೋನ್ 0.4. ಸಕ್ಕರೆ ಕಾಯಿಲೆಯವರು ಸಕ್ಕರೆ ನೀರು ಕುಡಿಯುವುದನ್ನು ಕಂಡು ಅಮ್ಮನಿಗೆ ಆದ ಗಾಬರಿ ಇವತ್ತಿಗೂ ಹೋಗಿಲ್ಲ.

ಗುಟುಕು ನೀರೂ ನಿಲ್ಲದಿದ್ದರೆ, ಉಸಿರು ಆಳವಾಗಿ ವೇಗವಾಗಿ ಓಡುತ್ತಿದ್ದರೆ, ಉಸಿರಿಗೆ ಕೊಳೆತ ಹಣ್ಣಿನಂಥ ವಾಸನೆ ಬಂದರೆ, ಹೊಟ್ಟೆನೋವು ಜೋರಾದರೆ, ಕೀಟೋನ್ ಅಂಕಿ ಏನೇ ಇರಲಿ ಮನೆಯಲ್ಲಿ ಕೂರಬೇಡಿ. ಮಗುವಿಗೋ ಯುವಕರಿಗೋ ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ತೂಕ ಇಳಿಕೆಯ ಜೊತೆ ವಾಂತಿ ಶುರುವಾದರೆ ಅದನ್ನು ಬರೀ ಹೊಟ್ಟೆಕೆಟ್ಟಿದ್ದೆಂದು ತಿಳಿಯದೆ ಅವತ್ತೇ ಶುಗರ್ ನೋಡಿಸಿ. ಎಷ್ಟೋ ಮಂದಿಯಲ್ಲಿ ಟೈಪ್ 1 ಪತ್ತೆಯಾಗುವುದೇ ಈ ಸ್ಥಿತಿಯಲ್ಲಿ.

ಟೈಪ್ 2ರವರಿಗೆ ಅಪಾಯವೇ ಇಲ್ಲವೆಂದಲ್ಲ. ವಯಸ್ಸಾದವರಲ್ಲಿ ಸೋಂಕಿನ ಜೊತೆ ನೀರು ಬತ್ತುತ್ತಾ ದಿನಗಟ್ಟಲೆ ಶುಗರ್ ಏರಿ 600 ದಾಟಿ, ಮಂಕು ಕವಿದು, ಪ್ರಜ್ಞೆ ತಪ್ಪುವುದುಂಟು. ಟೈಪ್ 1ರ ತುರ್ತು ಗಂಟೆಗಳಲ್ಲಿ ಬರುತ್ತದೆ, ಇದು ದಿನಗಳಲ್ಲಿ.

ಲೋ ಶುಗರ್ ಇಬ್ಬರಿಗೂ ಆಗುತ್ತದಾ?

ಇನ್ಸುಲಿನ್ ಚುಚ್ಚಿಕೊಳ್ಳುವವರಿಗೂ ಗ್ಲಿಮೆಪಿರೈಡ್ ಬಗೆಯ ಮಾತ್ರೆಯವರಿಗೂ ಆಗುತ್ತದೆ. ಮೆಟ್‌ಫಾರ್ಮಿನ್ ಒಂದೇ ಆದರೆ ಅಪರೂಪ. 70ಕ್ಕಿಂತ ಕೆಳಗಿಳಿದರೆ 15 ಗ್ರಾಂ ಗ್ಲೂಕೋಸ್ ಅಥವಾ ಸಕ್ಕರೆ, 15 ನಿಮಿಷ ಕಾಯುವುದು, ಮತ್ತೆ ನೋಡುವುದು. ಚಾಕೊಲೇಟ್ ಬೇಡ, ಅದರ ಕೊಬ್ಬು ಸಕ್ಕರೆಯನ್ನು ತಡಮಾಡುತ್ತದೆ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, ಉಸಿರುನಾಳಕ್ಕೆ ಹೋಗುತ್ತದೆ. ಅವರಿಗೆ ಲಿವರಿನಿಂದ ಸಕ್ಕರೆ ಹೊರಡಿಸುವ ಗ್ಲುಕಗಾನ್ ಎಂಬ ಔಷಧ ಕೊಡಬೇಕು ಇಲ್ಲವೇ ತುರ್ತು ಸಹಾಯ ಕರೆಯಬೇಕು.

ನಡೆದರೆ ಶುಗರ್ ಇಳಿಯುತ್ತದಲ್ಲ, ಇಬ್ಬರೂ ಜೊತೆಗೆ ನಡೆಯಿರಿ.

ನಡೆಯುತ್ತೇವೆ, ತಯಾರಿ ಬೇರೆ. ನಡೆಯುವಾಗ ಸ್ನಾಯುಗಳು ಇನ್ಸುಲಿನ್ನಿನ ಹಂಗಿಲ್ಲದೆಯೂ ಸಕ್ಕರೆ ಎಳೆದುಕೊಳ್ಳುತ್ತವೆ, ಆಮೇಲೆ ಒಂದೆರಡು ದಿನ ಇನ್ಸುಲಿನ್ನಿಗೆ ಚೆನ್ನಾಗಿ ಓಗೊಡುತ್ತವೆ. ಅಪ್ಪನ ಕಾಯಿಲೆಯ ಬೇರಿಗೇ ಇದು ಔಷಧ. ಆರೋಗ್ಯವಂತರಲ್ಲಿ ನಡಿಗೆ ಶುರುವಾದೊಡನೆ ಮೇದೋಜೀರಕ ಇನ್ಸುಲಿನ್ ಕಡಿಮೆ ಮಾಡುತ್ತದೆ. ನಾನು ಚುಚ್ಚಿಕೊಂಡದ್ದನ್ನು ವಾಪಸ್ ತೆಗೆಯಲಾಗದು. ಹಾಗಾಗಿ ನನ್ನ ಜೇಬಲ್ಲಿ ಗ್ಲೂಕೋಸ್ ಇರುತ್ತದೆ, ಸಂಜೆ ಜೋರಾಗಿ ಆಡಿದ ದಿನ ರಾತ್ರಿ ಶುಗರ್ ಬೀಳಬಹುದೆಂದು ಕಾಯುತ್ತೇನೆ. ಕೀಟೋನ್ ಇರುವ ದಿನ ನಡೆಯುವುದೇ ಇಲ್ಲ.

ಪೂರ್ತಿ ವಾಸಿಯಾಗುತ್ತದೆ ಎನ್ನುತ್ತಾರಲ್ಲ?

ಟೈಪ್ 2ರಲ್ಲಿ ಔಷಧವಿಲ್ಲದೆ ಎಚ್‌ಬಿಎ1ಸಿ 6.5ರ ಒಳಗೆ ಕನಿಷ್ಠ ಮೂರು ತಿಂಗಳು ನಿಂತರೆ ಅದನ್ನು ಉಪಶಮನ ಎನ್ನುತ್ತಾರೆ. 2017ರಲ್ಲಿ ಪ್ರಕಟವಾದ ಬ್ರಿಟನ್ನಿನ 'ಡೈರೆಕ್ಟ್' ಅಧ್ಯಯನದಲ್ಲಿ, ಪತ್ತೆಯಾಗಿ ಆರು ವರ್ಷದೊಳಗಿದ್ದು ಇನ್ಸುಲಿನ್ ಬಳಸದವರಿಗೆ ಕೆಲವು ತಿಂಗಳು ಬಹಳ ಕಡಿಮೆ ಕ್ಯಾಲರಿಯ ಆಹಾರ ಕೊಟ್ಟು ತೂಕ ಇಳಿಸಿದರು. ವರ್ಷದ ಕೊನೆಗೆ 46 ಶೇಕಡಾ ಮಂದಿ ಉಪಶಮನದಲ್ಲಿದ್ದರು. ತೂಕ ಮರಳಿದರೆ ಶುಗರೂ ಮರಳುತ್ತದೆ. ವೈದ್ಯರಿಗೆ ಹೇಳದೆ ಇದನ್ನು ಮನೆಯಲ್ಲಿ ಮಾಡಲು ಹೋಗಬೇಡಿ, ಮಾತ್ರೆ ಹೊಂದಿಸಬೇಕಾಗುತ್ತದೆ.

ಟೈಪ್ 1ಕ್ಕೆ ಇದು ಅನ್ವಯಿಸುವುದಿಲ್ಲ. ಇನ್ಸುಲಿನ್ ಶುರುವಾದ ಹೊಸತರಲ್ಲಿ ಅಳಿದುಳಿದ ಬೀಟಾ ಕೋಶಗಳು ಚೇತರಿಸಿಕೊಂಡು ಕೆಲವು ತಿಂಗಳು ಬೇಡಿಕೆ ತೀರಾ ಇಳಿಯುತ್ತದೆ. ಇದಕ್ಕೆ 'ಹನಿಮೂನ್' ಎನ್ನುತ್ತಾರೆ. 'ಕಷಾಯದಿಂದ ಟೈಪ್ 1 ವಾಸಿಯಾಯಿತು' ಎಂಬ ಕಥೆಗಳ ಹಿಂದೆ ಬಹುಮಟ್ಟಿಗೆ ಇರುವುದು ಈ ತಿಂಗಳುಗಳೇ. ಆ ನಂಬಿಕೆಯಲ್ಲಿ ಇನ್ಸುಲಿನ್ ಬಿಟ್ಟವರು ಕೀಟೋಅಸಿಡೋಸಿಸ್‌ನಲ್ಲಿ ಮರಳುತ್ತಾರೆ. 2022ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಟೆಪ್ಲಿಜುಮ್ಯಾಬ್ ಎಂಬ ಔಷಧ ಲಕ್ಷಣ ಕಾಣುವ ಮೊದಲೇ ಕೊಟ್ಟರೆ ಟೈಪ್ 1ನ್ನು ಸರಾಸರಿ ಎರಡು ವರ್ಷದಷ್ಟು ಮುಂದೂಡಬಲ್ಲದು. ಬಂದಾದ ಮೇಲೆ ಅಳಿಸಲಾರದು.

ಕಣ್ಣಿನ ಪರೀಕ್ಷೆ ಯಾವಾಗ?

ಟೈಪ್ 2ರವರಿಗೆ ಪತ್ತೆಯಾದ ಕೂಡಲೇ, ಏಕೆಂದರೆ ಅದು ಎಷ್ಟು ವರ್ಷದಿಂದ ಸದ್ದಿಲ್ಲದೆ ಇತ್ತೋ ಯಾರಿಗೂ ಗೊತ್ತಿರುವುದಿಲ್ಲ. ಟೈಪ್ 1ರ ಲಕ್ಷಣಗಳು ಸಾಮಾನ್ಯವಾಗಿ ವಾರಗಳಲ್ಲೇ ಬಯಲಾಗುವುದರಿಂದ ದೊಡ್ಡವರಿಗೆ ಪತ್ತೆಯಾಗಿ ಐದು ವರ್ಷದೊಳಗೆ ಮೊದಲ ಪರೀಕ್ಷೆ ಆದರೆ ಸಾಕು. ಅಪ್ಪನಿಗೆ ಪತ್ತೆಯಾದ ವಾರವೇ ಕಣ್ಣಿನ ಪರದೆಯಲ್ಲಿ ಸಣ್ಣ ರಕ್ತದ ಚುಕ್ಕೆಗಳು ಕಂಡಿದ್ದವು. ಅವರಿಗೆ ಆವರೆಗೆ ಕನ್ನಡಕದ ನಂಬರು ಕೂಡ ಬದಲಾಗಿರಲಿಲ್ಲ.